ಬಸ್ಸಾರಿಗೆ ನೀವು ಏನು ರುಬ್ಬುತ್ತೀರಿ?

ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ, ಪಕ್ಕದಲ್ಲಿರುವ ಬೆಲ್ ಐಕಾನ್ ಒತ್ತಿ, ನಿಮ್ಮ ಅನಿಸಿಕೆಯನ್ನು ಕಾಮೆಂಟ್ ಮಾಡಿ ತಿಳಿಸಿ.

ಕನ್ನಡದ ಯಾವ ವಿಡಿಯೋ ತೆರೆದರೂ ಕೊನೆಯಲ್ಲಿ ಈ ಸಾಲು ಇದ್ದೇ ಇರುತ್ತದೆ. ಒಂದೇ ಉಸಿರಿಗೆ ಐದು ಕೆಲಸ ಹೇಳಿಬಿಡುತ್ತಾರೆ. ಹೇಳುವವರಿಗೂ ಇದು ಬಾಯಿಪಾಠ. ಕೇಳುವವರು ಅಷ್ಟು ಹೊತ್ತಿಗೆ ಮುಂದಿನ ವಿಡಿಯೋಗೆ ಹೋಗಿರುತ್ತಾರೆ. ಉಳಿದವರು ಐದರಲ್ಲಿ ಯಾವುದು ಸುಲಭವೋ ಅದನ್ನು ಮಾಡುತ್ತಾರೆ. ಹೆಬ್ಬೆರಳು ಒತ್ತಿದರೆ ಮುಗಿಯಿತು, ಋಣ ತೀರಿತು. ನಾಲ್ಕು ಮಾತು ಬರೆಯಬಲ್ಲವರು ಕೂಡ ಲೈಕ್ ಒತ್ತಿ ಸುಮ್ಮನಾಗುತ್ತಾರೆ. ಅವರನ್ನು ಆ ದಾರಿಗೆ ಹಚ್ಚಿದ್ದು ನಾವೇ ಅಲ್ವಾ?

ನನಗೆ ಈ ಸಾಲಿನ ಮೇಲೆ ಆಸಕ್ತಿ ಹುಟ್ಟಿದ್ದು ನಮ್ಮ ಅತ್ತಿಗೆಯಿಂದ. ಅವರು ಮಂಡ್ಯ ಕಡೆಯವರು. ಅಡುಗೆ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಚಿಕ್ಕ ಚಾನೆಲ್ಲು, ಚೊಕ್ಕ ಅಡುಗೆ. ವಿಡಿಯೋ ಕೆಳಗೆ ಬರೆಯುವ ನಾಲ್ಕು ಸಾಲು ನನ್ನ ಪಾಲಿನ ಕೆಲಸ. ಅವರ ದೂರು ಒಂದೇ: ಜನ ನೋಡುತ್ತಾರೆ, ಲೈಕ್ ಕೊಡುತ್ತಾರೆ, ಮಾತೇ ಆಡುವುದಿಲ್ಲ. ಬರುವ ಕಾಮೆಂಟೆಲ್ಲ "ಸೂಪರ್ ಮೇಡಂ", "ಬಾಯಲ್ಲಿ ನೀರು ಬಂತು", ಇಲ್ಲಾ ಕೈಮುಗಿಯುವ ಚಿತ್ರ. "ಲೈಕ್ ಕೇಳಬೇಡಿ ಅತ್ತಿಗೆ" ಅಂದೆ. "ಕೇಳಿದ್ರೆ ತಾನೇ ಕೊಡೋದು ಜನ? ಕೇಳದೆ ಯಾರು ಕೊಡ್ತಾರಪ್ಪ?" ಅಂದರು. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕೇಳಿದ್ದನ್ನು ಜನ ಕೊಡುತ್ತಾರೆ. ಹಾಗಾಗಿಯೇ ಏನು ಕೇಳುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಆಗ ಅವರು ಹಾಕಬೇಕಿದ್ದದ್ದು ಬಸ್ಸಾರಿನ ವಿಡಿಯೋ. ಹಳೇ ಮೈಸೂರು ಕಡೆಯವರಿಗೆ ಬಸ್ಸಾರು ಏನು ಅಂತ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಸೊಪ್ಪು ಮತ್ತು ಬೇಳೆಯನ್ನೋ ಕಾಳನ್ನೋ ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರನ್ನು ಬಸಿದುಕೊಳ್ಳಬೇಕು. ಬೆಂದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದು ಪಾತ್ರೆಯಿಂದ ಎರಡು ಅಡುಗೆ, ಜೊತೆಗೆ ಮುದ್ದೆ. ಆದರೆ ಆ ಮಸಾಲೆ ಮಾತ್ರ ಮನೆಗೊಂದು ಥರ. ಕೆಲವರು ಈರುಳ್ಳಿ ಬೆಳ್ಳುಳ್ಳಿ ಬಾಡಿಸಿಕೊಳ್ಳುತ್ತಾರೆ, ಕೆಲವರು ಕೆಂಡದ ಮೇಲೆ ಸುಟ್ಟುಕೊಳ್ಳುತ್ತಾರೆ. ಕೆಲವರಿಗೆ ಕಾಯಿ ಬೇಕೇ ಬೇಕು, ಕೆಲವರು ಬೆಂದ ಸೊಪ್ಪು ಬೇಳೆಯನ್ನೇ ಒಂದು ಹಿಡಿ ತೆಗೆದು ಮಸಾಲೆ ಜೊತೆ ರುಬ್ಬಿ ಸಾರು ಗಟ್ಟಿ ಮಾಡಿಕೊಳ್ಳುತ್ತಾರೆ.

ಅತ್ತಿಗೆ ಬರೆದುಕೊಂಡಿದ್ದ ಕೊನೆಯ ಸಾಲು ಹೀಗಿತ್ತು: "ನಮ್ಮ ಬಸ್ಸಾರು ಹೇಗಿದೆ ಅಂತ ಕಾಮೆಂಟ್ ಮಾಡಿ ತಿಳಿಸಿ." ನೋಡುವುದಕ್ಕೆ ಪ್ರಶ್ನೆಯೇ. ಆದರೆ ಇದಕ್ಕೆ ಇರುವುದು ಒಂದೇ ಉತ್ತರ. ಮದುವೆ ಮನೆಯಲ್ಲಿ ಹುಡುಗಿಯ ತಂದೆ ಬಾಗಿಲಲ್ಲಿ ನಿಂತು "ಊಟ ಹೇಗಿತ್ತು?" ಅಂತ ಕೇಳಿದರೆ ಯಾರಾದರೂ ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಾರಾ? ಚೆನ್ನಾಗಿತ್ತು ಅಂದು ತಾಂಬೂಲ ತೆಗೆದುಕೊಂಡು ಹೋಗುತ್ತಾರೆ. ಜೊತೆಗೆ, ವಿಡಿಯೋ ನೋಡಿದವರು ಆ ಬಸ್ಸಾರನ್ನು ಉಂಡೇ ಇಲ್ಲ. ಹೇಗಿದೆ ಅಂತ ಅವರು ಹೇಗೆ ಹೇಳಬೇಕು? "ಸೂಪರ್ ಮೇಡಂ" ಅನ್ನುವುದು ಆ ಪ್ರಶ್ನೆಗೆ ತಕ್ಕ ಉತ್ತರವೇ. ತಪ್ಪು ಓದುಗರದಲ್ಲ.

ಎರಡನೆಯ ಪ್ರಯತ್ನ: "ನಿಮಗೆ ಬಸ್ಸಾರು ಇಷ್ಟಾನಾ?" ಇದು ಇನ್ನೂ ಚಿಕ್ಕದಾಯಿತು. ಹೌದು, ಇಲ್ಲ. ಹೌದು ಅನ್ನುವವರಿಗೆ ಅದನ್ನು ಟೈಪ್ ಮಾಡುವುದಕ್ಕಿಂತ ಲೈಕ್ ಒತ್ತುವುದೇ ಸುಲಭ. ಇಲ್ಲ ಅನ್ನುವವರು ಬಸ್ಸಾರಿನ ವಿಡಿಯೋಗೆ ಬಂದೇ ಇರುವುದಿಲ್ಲ.

ಮೂರನೆಯದು: "ಮುದ್ದೆಗೆ ಬಸ್ಸಾರು ಬೆಸ್ಟಾ, ಉಪ್ಸಾರು ಬೆಸ್ಟಾ?" ಇದಕ್ಕೆ ಕಾಮೆಂಟ್ ಬರುತ್ತವೆ, ಸುಳ್ಳಲ್ಲ. ಬಸ್ಸಾರು, ಉಪ್ಸಾರು, ಬಸ್ಸಾರು, ಉಪ್ಸಾರು ಅಂತ ಒಂದು ಉದ್ದನೆಯ ಸಾಲು. ಓದಿದರೆ ಏನೂ ಸಿಗುವುದಿಲ್ಲ. ಅದು ಓಟು ಎಣಿಸುವ ಕೆಲಸ.

ನಾಲ್ಕನೆಯದು: "ನಿಮ್ಮ ಮನೆಯ ಬಸ್ಸಾರಿನ ಬಗ್ಗೆ ಬರೆಯಿರಿ." ಇದು ಉಲ್ಟಾ ಕಡೆಯ ತೊಂದರೆ. ತುಂಬ ದೊಡ್ಡ ಬಾಗಿಲು. ಎಲ್ಲಿಂದ ಶುರು ಮಾಡಬೇಕು? ಯಾವ ಸೊಪ್ಪು ಅಂತಲಾ, ಅಜ್ಜಿ ಮಾಡುತ್ತಿದ್ದ ಕಥೆಯಾ? ಶಾಲೆಯಲ್ಲಿ ಪ್ರಬಂಧ ಬರೆಯಿರಿ ಅಂದ ಹಾಗೆ ಆಯಿತು. ಆಮೇಲೆ ಬರೆಯೋಣ ಅಂದುಕೊಂಡವರು ಬರೆಯುವುದೇ ಇಲ್ಲ.

ಕೊನೆಗೆ ನಿಂತ ಸಾಲು ಇದು: "ನಾವು ಬಸ್ಸಾರಿಗೆ ಈರುಳ್ಳಿ ಬಾಡಿಸಿ, ಕಾಯಿ ಜೊತೆ ಒಂದು ಹಿಡಿ ಬೆಂದ ಸೊಪ್ಪನ್ನೂ ರುಬ್ಬುತ್ತೇವೆ. ನಿಮ್ಮ ಮನೆಯಲ್ಲಿ ಏನು ರುಬ್ಬುತ್ತಾರೆ? ಯಾವ ಊರು ಅಂತಲೂ ಹೇಳಿ."

ಇದರಲ್ಲಿ ನಡೆದಿರುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲು, ಕೇಳುವವರು ತಾವೇ ಉತ್ತರ ಕೊಟ್ಟಿದ್ದಾರೆ. ಇದು ಬಹಳ ಮುಖ್ಯ. ಎಷ್ಟು ಉದ್ದ ಬರೆಯಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಅನ್ನುವುದು ಓದುಗರಿಗೆ ಹೇಳದೆಯೇ ಗೊತ್ತಾಗುತ್ತದೆ: ಒಂದು ಸಾಲು ಸಾಕು, ಅಡುಗೆಮನೆಯ ಮಾತು ಸಾಕು. ಆಮೇಲೆ, ಉತ್ತರ ಓದುಗರಿಗೆ ಗೊತ್ತಿದೆ, ಅತ್ತಿಗೆಗೆ ಗೊತ್ತಿಲ್ಲ. ಚನ್ನರಾಯಪಟ್ಟಣದ ಯಾರದೋ ಮನೆಯಲ್ಲಿ ಏನು ರುಬ್ಬುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ಕೇಳುವವರಿಗೆ ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳಿದಾಗ ಆ ಪ್ರಶ್ನೆಗೆ ಒಂದು ಮರ್ಯಾದೆ ಇರುತ್ತದೆ. ಓದುವವರಿಗೆ ಅದು ತಕ್ಷಣ ತಿಳಿಯುತ್ತದೆ. ಗೊತ್ತಿದ್ದೂ ಕೇಳಿದರೆ ಅದು ಮೇಷ್ಟ್ರ ಪ್ರಶ್ನೆ.

ಇನ್ನೊಂದು, ಇಲ್ಲಿ ಯಾರೂ ತಪ್ಪು ಉತ್ತರ ಕೊಡಲು ಸಾಧ್ಯವಿಲ್ಲ. ನಮ್ಮ ಮನೆಯಲ್ಲಿ ಹೀಗೆ ಅಂದರೆ ಮುಗಿಯಿತು, ಅದನ್ನು ಯಾರು ತಪ್ಪು ಅಂತಾರೆ? "ನಿಮ್ಮ ಅಭಿಪ್ರಾಯ ತಿಳಿಸಿ" ಅಂದಾಗ ಜನ ಹಿಂಜರಿಯುವುದು ಇದೇ ಕಾರಣಕ್ಕೆ. ಅಭಿಪ್ರಾಯ ಅಂದರೆ ಏನೋ ದೊಡ್ಡದು, ಯೋಚನೆ ಮಾಡಿ ಹೇಳಬೇಕಾದದ್ದು, ಹೇಳಿದ ಮೇಲೆ ಸಮರ್ಥಿಸಿಕೊಳ್ಳಬೇಕಾದದ್ದು. ರುಬ್ಬುವ ಸಾಮಾನಿಗೆ ಆ ಭಯ ಇಲ್ಲ. ಊರಿನ ಹೆಸರು ಕೇಳಿದ್ದೂ ಸುಮ್ನೆ ಅಲ್ಲ. ಊರು ಬರೆದ ತಕ್ಷಣ ಆ ಕಡೆಯ ಇನ್ನೊಬ್ಬರು "ನಾವೂ ಅಲ್ಲಿಯವರೇ, ಆದರೆ ನಾವು ಕಾಯಿ ಹಾಕಲ್ಲ" ಅಂತ ಬರುತ್ತಾರೆ. ಅಲ್ಲಿಗೆ ಮಾತು ಅತ್ತಿಗೆಯನ್ನು ದಾಟಿ ಅವರವರ ನಡುವೆ ಶುರುವಾಗುತ್ತದೆ.

ಪ್ರಶ್ನೆಯನ್ನು ಎಲ್ಲಿ ಇಡುತ್ತೇವೆ ಅನ್ನುವುದೂ ಅಷ್ಟೇ ದೊಡ್ಡ ವಿಷಯ. ವಿಡಿಯೋದ ಕೊನೆಗೆ ಇಟ್ಟರೆ ಕೇಳಿಸಿಕೊಳ್ಳುವವರು ಕಡಿಮೆ. ಅತ್ತಿಗೆ ಅದನ್ನು ಮಿಕ್ಸಿ ಜಾರಿಗೆ ಕಾಯಿ ಹಾಕುವಾಗಲೇ ಕೇಳಿದರು. ನೋಡುವವರ ಮನಸ್ಸಿನಲ್ಲಿ "ಅಯ್ಯೋ, ನಮ್ಮಮ್ಮ ಹೀಗೆ ಮಾಡಲ್ವಲ್ಲ" ಅಂತ ಬರುವ ಗಳಿಗೆ ಅದೇ. ಆ ಮಾತು ಬಿಸಿ ಇರುವಾಗಲೇ ಕೇಳಬೇಕು. ಆಮೇಲೆ ಅದೇ ಸಾಲನ್ನು ವಿವರಣೆಯ ಮೊದಲ ಸಾಲಾಗಿ ಹಾಕಿದೆವು. ಯಾಕೆಂದರೆ ಯೂಟ್ಯೂಬ್ ವಿವರಣೆಯ ಮೊದಲ ಸ್ವಲ್ಪ ಭಾಗವನ್ನಷ್ಟೇ ತೋರಿಸುತ್ತದೆ, ಉಳಿದದ್ದು ಮಡಚಿಕೊಂಡಿರುತ್ತದೆ. ಬೇಕಾದ ಸಾಮಾನಿನ ಪಟ್ಟಿಯ ಕೆಳಗೆ ಪ್ರಶ್ನೆ ಇಟ್ಟರೆ ಅದು ಮಡಿಕೆಯೊಳಗೆ ಹೋಯಿತು.

ಲೈಕ್, ಶೇರ್, ಬೆಲ್ಲುಗಳನ್ನು ಆ ವಿಡಿಯೋದಿಂದ ತೆಗೆದುಹಾಕಿದೆವು. ಅತ್ತಿಗೆಗೆ ಜೀವ ತಡೆಯಲಿಲ್ಲ. ಸಬ್‌ಸ್ಕ್ರೈಬ್ ಕೇಳುವುದು ಪಾಪ ಏನಲ್ಲ, ಹೊಸ ಚಾನೆಲ್ಲಿಗೆ ಅದು ಬೇಕು. ಆದರೆ ಒಂದು ಸಲಕ್ಕೆ ಒಂದು ಕೆಲಸ. ಬಸ್ಸಾರಿನಲ್ಲಿ ಮಾತು ಕೇಳಿ, ಮುಂದಿನ ವಾರ ಸಬ್‌ಸ್ಕ್ರೈಬ್ ಕೇಳಿ. ಎರಡನ್ನೂ ಒಟ್ಟಿಗೆ ಕೇಳಿದರೆ ಜನ ಸುಲಭದ್ದನ್ನು ಮಾಡಿ ಕೈತೊಳೆದುಕೊಳ್ಳುತ್ತಾರೆ.

ಇಲ್ಲಿ ಒಂದು ಕನ್ನಡದ್ದೇ ಆದ ತೊಡಕು ಇದೆ, ಅದರ ಬಗ್ಗೆ ಮಾತಾಡುವವರು ಕಮ್ಮಿ. ನಮ್ಮ ಓದುಗರಲ್ಲಿ ಎಷ್ಟೋ ಜನರಿಗೆ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದು ಕಷ್ಟ. ಒತ್ತಕ್ಷರ ಬಂದರೆ ಸಾಕು, ಅಲ್ಲೇ ನಿಂತುಬಿಡುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋಣ ಅಂದರೆ ಯಾರಾದರೂ "ಕನ್ನಡದಲ್ಲಿ ಬರೀರಿ" ಅಂತ ಗದರುತ್ತಾರೆ ಅನ್ನುವ ಅಂಜಿಕೆ. ಕನ್ನಡದಲ್ಲೇ ಬರೆಯೋಣ ಅಂದರೆ ಕಾಗುಣಿತ ತಪ್ಪಿದರೆ ನಗುತ್ತಾರೆ ಅನ್ನುವ ಅಂಜಿಕೆ. ಇದರ ನಡುವೆ ಸಿಕ್ಕಿಕೊಂಡವರು ಕೈಮುಗಿಯುವ ಚಿತ್ರ ಹಾಕಿ ಹೋಗುತ್ತಾರೆ. ಅವರಿಗೆ ಹೇಳುವುದಕ್ಕೆ ಏನೂ ಇಲ್ಲ ಅಂತಲ್ಲ. ಹಾಗಾಗಿ ಪ್ರಶ್ನೆಯ ಕೆಳಗೆ ಒಂದು ಸಾಲು ಸೇರಿಸಿದೆವು: "ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಸರಿ, ಮೈಕ್ ಒತ್ತಿ ಮಾತಾಡಿ ಹಾಕಿದರೂ ಸರಿ, ತಪ್ಪಿದ್ದರೆ ನಾವೇ ಸರಿಯಾಗಿ ಓದಿಕೊಳ್ಳುತ್ತೇವೆ." ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರವಾಗುತ್ತದೆ ಅನ್ನುವುದೇ ಎಷ್ಟೋ ಹಿರಿಯರಿಗೆ ಗೊತ್ತಿಲ್ಲ. ಗೊತ್ತಾದ ಮೇಲೆ ನೋಡಬೇಕು ಅವರ ಕಾಮೆಂಟಿನ ಉದ್ದವನ್ನು! ಪೂರ್ಣವಿರಾಮ ಇಲ್ಲದೆ, ಸೊಪ್ಪು ಬಿಡಿಸುವುದರಿಂದ ಹಿಡಿದು ಸೊಸೆಗೆ ಬಸ್ಸಾರು ಬರಲ್ಲ ಅನ್ನುವವರೆಗೆ.

ಮೊದಲ ಕಾಮೆಂಟ್ ಏನಿದೆಯೋ ಅದರ ಹಿಂದೆ ಬರುವವೂ ಹಾಗೇ ಇರುತ್ತವೆ. ಮೊದಲನೆಯವರು "ಸೂಪರ್" ಅಂದರೆ ಮುಂದಿನವರಿಗೂ ಅದೇ ವಾಡಿಕೆ ಅನಿಸುತ್ತದೆ. ಅದಕ್ಕೇ ಒಳ್ಳೆಯ ಉತ್ತರ ಒಂದು ಬಂದ ಕೂಡಲೇ ಅದನ್ನು ಪಿನ್ ಮಾಡಿ ಮೇಲೆ ಕೂರಿಸಬೇಕು. ತೀರಾ ಚಂದದ, ಉದ್ದದ ಉತ್ತರವನ್ನಲ್ಲ, ಸಾಧಾರಣವಾದದ್ದನ್ನು. ಅದನ್ನು ನೋಡಿ ಮುಂದಿನವರಿಗೆ "ಇಷ್ಟು ನಾನೂ ಬರೆಯಬಲ್ಲೆ" ಅನಿಸಬೇಕು. ಹಾಗೆಯೇ ಉತ್ತರ ಕೊಟ್ಟವರಿಗೆ "ಧನ್ಯವಾದಗಳು" ಅಂತ ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಒಬ್ಬರು ಹುರಿಗಡಲೆ ರುಬ್ಬುತ್ತೇವೆ ಅಂತ ಬರೆದಿದ್ದರು. ಅತ್ತಿಗೆ ಅವರಿಗೆ "ಹುರಿಗಡಲೆ ಹಾಕಿದ್ರೆ ಸಾರು ತಣ್ಣಗಾದ ಮೇಲೆ ಗಟ್ಟಿ ಆಗಲ್ವಾ?" ಅಂತ ಕೇಳಿದರು. ಅವರು ಮತ್ತೆ ಬಂದು, ಎಷ್ಟು ಹಾಕಬೇಕು ಅಂತ ವಿವರಿಸಿ ಹೋದರು. ಅವರ ಮಾತು ಓದಿ ಮೂರನೆಯವರೊಬ್ಬರು ಬಂದರು.

ಫೇಸ್‌ಬುಕ್ಕಿನಲ್ಲಿ ಈ ಬೇಡುವ ಸಾಲಿಗೆ ಒಂದು ಇತಿಹಾಸವೇ ಇದೆ. ಅಲ್ಲಿ ಲೈಕ್ ಬಟನ್ ಬಂದದ್ದು 2009ರಲ್ಲಿ. ಆಮೇಲೆ ಲೈಕ್ ಗಿಟ್ಟಿಸುವುದೇ ಒಂದು ಕಸುಬಾಯಿತು. "ಈ ಯೋಧನಿಗೆ ಒಂದು ಲೈಕ್ ಇಲ್ವಾ?", "ನಿಜವಾದ ಕನ್ನಡಿಗರಾದರೆ ಶೇರ್ ಮಾಡಿ", "ಒಪ್ಪುವವರು ಲೈಕ್, ಒಪ್ಪದವರು ಕಾಮೆಂಟ್" — ಇವನ್ನೆಲ್ಲ ನಾವೂ ನೀವೂ ಕಂಡವರೇ. 2017ರ ಡಿಸೆಂಬರಿನಲ್ಲಿ ಫೇಸ್‌ಬುಕ್ಕೇ ಹೀಗೆ ಗಾಳ ಹಾಕುವ ಪೋಸ್ಟುಗಳನ್ನು ಕೆಳಗೆ ತಳ್ಳುತ್ತೇವೆ ಅಂತ ಹೇಳಿತು. ಓಟು, ಲೈಕ್ ಥರದ ಪ್ರತಿಕ್ರಿಯೆ, ಶೇರ್, ಸ್ನೇಹಿತರ ಟ್ಯಾಗ್, ಕಾಮೆಂಟ್ ಅಂತ ಐದು ಬಗೆಯ ಗಾಳಗಳನ್ನು ಗುರುತಿಸಿತು. ಅದರಲ್ಲಿ ಕಾಮೆಂಟೂ ಇದೆ ನೋಡಿ. "ಜೈ ಅಂತ ಕಾಮೆಂಟ್ ಮಾಡಿ" ಅನ್ನುವುದೂ ಬೇಡುವುದೇ, ಬರೀ ಲೈಕ್ ಬೇಡುವುದು ಮಾತ್ರ ಅಲ್ಲ. ಆದರೆ ಸಹಾಯ, ಸಲಹೆ, ಶಿಫಾರಸು ಕೇಳುವ ಪೋಸ್ಟುಗಳಿಗೆ ತೊಂದರೆ ಇಲ್ಲ ಅಂತಲೂ ಅದು ಹೇಳಿತ್ತು. ಕಾಣೆಯಾದ ಮಗುವಿನ ಸುದ್ದಿ, ಪ್ರವಾಸಕ್ಕೆ ಸಲಹೆ, ಇಂಥವು. ಅಂದರೆ ಕೇಳುವವರಿಗೆ ಉತ್ತರ ನಿಜಕ್ಕೂ ಬೇಕಾಗಿರುವ ಕಡೆ ತಡೆ ಇಲ್ಲ.

ಮುಂದಿನ ತಿಂಗಳೇ, 2018ರ ಜನವರಿಯಲ್ಲಿ, ಜನ ಜನರ ನಡುವೆ ಮಾತು ಹುಟ್ಟಿಸುವ ಪೋಸ್ಟುಗಳನ್ನು ಜಾಸ್ತಿ ತೋರಿಸುತ್ತೇವೆ ಅಂತ ಫೇಸ್‌ಬುಕ್ ಘೋಷಿಸಿತು. ಕೇಳಲು ಚೆನ್ನಾಗಿತ್ತು. ಆದರೆ ಜನ ಅತಿ ಹೆಚ್ಚು ಕಾಮೆಂಟ್ ಮಾಡುವುದು ಸಿಟ್ಟು ಬಂದಾಗ. ಆ ಬದಲಾವಣೆಯಿಂದ ಸಿಟ್ಟು, ಜಗಳ ಜಾಸ್ತಿಯಾಗಿವೆ ಅಂತ ಕಂಪನಿಯ ಒಳಗಿನವರೇ ಎಚ್ಚರಿಸಿದ್ದರು ಅನ್ನುವುದು 2021ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ವರದಿಗಳಿಂದ ಹೊರಬಂತು. ಬಸ್ಸಾರಿಗೂ ಇದು ಅನ್ವಯಿಸುತ್ತದೆ. "ಬಸ್ಸಾರಿಗೆ ಬೆಲ್ಲ ಹಾಕುವವರಿಗೆ ಏನು ಹೇಳ್ತೀರಿ?" ಅಂತ ಹಾಕಿದ್ದರೆ ಕಾಮೆಂಟ್ ಮೂರು ಪಟ್ಟು ಬರುತ್ತಿತ್ತೋ ಏನೋ. ಆದರೆ ಬೆಲ್ಲ ಹಾಕುವ ಮನೆಯವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕಾಮೆಂಟಿನ ಲೆಕ್ಕ ಒಂದನ್ನೇ ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಪ್ರಶ್ನೆ ಕೆಲಸ ಮಾಡಿತು ಅಂತ ಗೊತ್ತಾಗುವುದು ಹೇಗೆ? ನಾನು ಮಾಡುವುದು ಇಷ್ಟು. ವಿಡಿಯೋವನ್ನೋ ಫೋಟೋವನ್ನೋ ಕೈಯಿಂದ ಮುಚ್ಚಿ ಕಾಮೆಂಟುಗಳನ್ನು ಮಾತ್ರ ಓದುತ್ತೇನೆ. ಇವು ಯಾವುದರ ಕೆಳಗೆ ಬಂದವು ಅಂತ ಊಹಿಸಲು ಆಗುತ್ತದಾ? "ಸೂಪರ್", "ಅದ್ಭುತ", "ನೈಸ್" ಅನ್ನುವವು ಬಸ್ಸಾರಿನ ಕೆಳಗೂ ಹೊಂದುತ್ತವೆ, ಜೋಗದ ಕೆಳಗೂ ಹೊಂದುತ್ತವೆ. "ನಾವು ಸಬ್ಬಸಿಗೆ ಸೊಪ್ಪಲ್ಲ, ದಂಟಿನ ಸೊಪ್ಪು ಮಾತ್ರ" ಅನ್ನುವುದು ಬಸ್ಸಾರಿನ ಕೆಳಗೆ ಮಾತ್ರ ಕೂರುತ್ತದೆ. ಅಂಥವು ಕೆಲವಾದರೂ ಇದ್ದರೆ ಪ್ರಶ್ನೆ ಗೆದ್ದಿತು, ಲೈಕ್ ಎಷ್ಟೇ ಇರಲಿ. ಇನ್ನೊಂದು ಗುರುತು, ಉತ್ತರ ಓದಿ ನಾವು ಮಾಡುವುದೇನಾದರೂ ಬದಲಾಯಿತಾ ಅನ್ನುವುದು. ಅತ್ತಿಗೆ ಈಗ ಹುರುಳಿಕಾಳಿನ ಬಸ್ಸಾರಿಗೆ ಈರುಳ್ಳಿ ಸುಟ್ಟೇ ಹಾಕುವುದು. ಅದನ್ನು ಹೇಳಿಕೊಟ್ಟವರ ಊರನ್ನು ವಿಡಿಯೋದಲ್ಲಿ ಹೇಳಿಯೇ ಮಾಡಿದರು.

ಅಡುಗೆಗೆ ಮಾತ್ರ ಇದು ಸರಿಹೋಗುತ್ತದೆ ಅನ್ನಬೇಡಿ. ಮೆಜೆಸ್ಟಿಕ್ ಬಸ್ ನಿಲ್ದಾಣದ ಹಳೇ ಫೋಟೋ ಹಾಕಿ "ಇಲ್ಲಿ ಮೊದಲು ಇದ್ದ ಕೆರೆ ಯಾವುದು?" ಅಂತ ಕೇಳುವವರಿದ್ದಾರೆ. ಒಬ್ಬರು ಧರ್ಮಾಂಬುಧಿ ಕೆರೆ ಅಂತ ಬರೆದರೆ ಆಟ ಮುಗಿಯಿತು. ಉಳಿದವರು ಅದನ್ನೇ ನಕಲು ಮಾಡಬೇಕು, ಇಲ್ಲಾ ಸುಮ್ಮನಿರಬೇಕು. ಸರಿಯುತ್ತರ ಒಂದೇ ಇರುವ ಪ್ರಶ್ನೆ ಮೊದಲ ಉತ್ತರಕ್ಕೇ ಬಾಗಿಲು ಹಾಕಿಕೊಳ್ಳುತ್ತದೆ. ಅದೇ ಫೋಟೋದ ಕೆಳಗೆ "ಮೆಜೆಸ್ಟಿಕ್ಕಿನಲ್ಲಿ ಮೊದಲ ಸಲ ಬಂದು ಇಳಿದಾಗ ನಿಮ್ಮನ್ನು ಕರೆದುಕೊಂಡು ಹೋಗಲು ಯಾರು ಬಂದಿದ್ದರು?" ಅಂತ ಕೇಳಿ ನೋಡಿ. ಮಾವ, ಚಿಕ್ಕಪ್ಪ, ಊರಿನ ಗೆಳೆಯ, ಯಾರೂ ಬರಲಿಲ್ಲ ಅನ್ನುವವರು, ಎಲ್ಲರ ಹತ್ತಿರವೂ ಒಂದು ಉತ್ತರ ಇದೆ. ಉತ್ತರ ಚಿಕ್ಕದು, ಅದರ ಹಿಂದಿನ ಕಥೆ ದೊಡ್ಡದು. ಕಥೆ ಹೇಳಲೇಬೇಕು ಅಂತಿಲ್ಲ, ಆದರೆ ಹೇಳಬೇಕು ಅನಿಸುತ್ತದೆ.

ಇದನ್ನು ಕಾಗದದ ಮೇಲೆ, ಇಂಟರ್ನೆಟ್ಟಿಗೂ ಮೊದಲು ಮಾಡಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೆ ಲೇಖನಿ ಅನ್ನುವ ಮಾತಿನ ಮೇಲೆ ನಿಂತಿತು. ತೋಟದಲ್ಲಿ ಕೆಲಸ ಮಾಡುವವರೇ ಬರೆಯಬೇಕು ಅನ್ನುವುದು ಅದರ ಹಟ. ಸಂಪಾದಕರಾದ ಶ್ರೀ ಪಡ್ರೆಯವರು ಮತ್ತು ಅವರ ಬಳಗ ಕೃಷಿಕರಿಗೆ ಬರೆಯುವುದನ್ನು ಹೇಳಿಕೊಡುವ ಶಿಬಿರಗಳನ್ನೇ ನಡೆಸಿದರು. ನಾನು ಅದರಿಂದ ಹೆಕ್ಕಿಕೊಂಡದ್ದು ಒಂದು: ರೈತರನ್ನು "ಪತ್ರಿಕೆ ಹೇಗಿದೆ?" ಅಂತ ಕೇಳಿದರೆ ಹೊಗಳಿಕೆಯ ಕಾಗದ ಬರುತ್ತದೆ. "ನಿಮ್ಮ ತೋಟದಲ್ಲಿ ನೀವು ಏನು ಮಾಡಿ ನೋಡಿದಿರಿ?" ಅಂತ ಕೇಳಿದರೆ ಲೇಖನ ಬರುತ್ತದೆ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಬೇಕು. ನೆನಪು ಕೆದಕುವ ಪ್ರಶ್ನೆಗಳು ಚೆನ್ನಾಗಿ ಓಡುತ್ತವೆ ಅಂತ ಗೊತ್ತಾದ ಮೇಲೆ "ನಿಮ್ಮ ಮೊದಲ ಶಾಲೆ ಯಾವುದು?", "ನಿಮ್ಮ ಮೊದಲ ನಾಯಿಯ ಹೆಸರೇನು?", "ಅಮ್ಮನ ತವರುಮನೆ ಹೆಸರು ಹೇಳಿ" ಅನ್ನುವ ಪೋಸ್ಟುಗಳು ಸಿಕ್ಕಾಪಟ್ಟೆ ಆಗಿವೆ. ಪಾಸ್‌ವರ್ಡ್ ಮರೆತಾಗ ಕೆಲವು ಖಾತೆಗಳು ಕೇಳುವ ಪ್ರಶ್ನೆಗಳೂ ಇವೇ. ನಾವು ಒಳ್ಳೆಯ ಮನಸ್ಸಿನಿಂದಲೇ ಕೇಳಿರಬಹುದು. ಆದರೆ ಉತ್ತರ ಎಲ್ಲರಿಗೂ ಕಾಣುವ ಜಾಗದಲ್ಲಿ, ಅವರ ಹೆಸರಿನ ಪಕ್ಕದಲ್ಲೇ ಕೂತಿರುತ್ತದೆ. ಊರು ಕೇಳುವಾಗಲೂ ಅತ್ತಿಗೆ ಊರಿನ ಹೆಸರಿಗೆ ನಿಲ್ಲುತ್ತಾರೆ, ಬೀದಿ, ಬಡಾವಣೆ ಕೇಳುವುದಿಲ್ಲ. ಯಾರಾದರೂ ಫೋನ್ ನಂಬರ್ ಬರೆದರೆ ಅಳಿಸಿ, ಯಾಕೆ ಅಂತ ಹೇಳುತ್ತಾರೆ.

ಪ್ರಶ್ನೆಯೇ ಬೇಡದ ಬರಹಗಳೂ ಇವೆ. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಬರೆದು ಕೊನೆಗೆ "ನಿಮಗೂ ಹೀಗೆ ಆಗಿದೆಯಾ? ಹಂಚಿಕೊಳ್ಳಿ" ಅಂತ ಸೇರಿಸಿದ್ದನ್ನು ನೋಡಿದಾಗ ನನಗೆ ಮೈ ಉರಿಯುತ್ತದೆ. ಜನ ಅಲ್ಲಿ ಕೈಮುಗಿದು ಹೋಗಲಿ, ಅದೇ ಸರಿ. ಹಾಗೆಯೇ ಬರಹದೊಳಗೆ ಎಲ್ಲವನ್ನೂ ನಾವೇ ಹೇಳಿ ಮುಗಿಸಿದ್ದರೆ ಎಂಥ ಒಳ್ಳೆಯ ಪ್ರಶ್ನೆ ಹಾಕಿದರೂ ಉಪಯೋಗ ಇಲ್ಲ. "ಬಸ್ಸಾರು ಮಾಡುವ ಸರಿಯಾದ ವಿಧಾನ" ಅಂತ ತಲೆಬರಹ ಕೊಟ್ಟು, ಕೊನೆಗೆ ನೀವು ಹೇಗೆ ಮಾಡುತ್ತೀರಿ ಅಂದರೆ ಯಾರು ಬಾಯಿ ಬಿಡುತ್ತಾರೆ? ಅತ್ತಿಗೆಯ ವಿಡಿಯೋ ಹೆಸರನ್ನೂ ಆಮೇಲೆ ಬದಲಿಸಿದೆವು. "ನಮ್ಮ ಮನೆ ಬಸ್ಸಾರು" ಅಂತ.